ಸೋಲಾರ್‌ನಿಂದ ನಲ್ಲಿಯವರೆಗೆ ಯಾವ ಪೈಪು?

ಮನೆ ಕಟ್ಟಿಸುವವರು ಬಚ್ಚಲಿನ ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತುತ್ತಾರೆ. ಆ ಟೈಲ್ಸ್ ಹಿಂದೆ ಹೂತುಹೋಗುವ ಪೈಪನ್ನು ಮಾತ್ರ ‘ನೀವೇ ನೋಡಿ ಹಾಕಿಬಿಡಿ’ ಎಂದು ಪ್ಲಂಬರಿಗೆ ಬಿಟ್ಟುಬಿಡುತ್ತಾರೆ. ಮುಂದೆ ಪೈಪು ಸೋರಿದಾಗ ಮೊದಲು ಒಡೆಯಬೇಕಾದದ್ದು ಅದೇ ಟೈಲ್ಸನ್ನು.

ಬಿಸಿನೀರಿಗೂ ತಣ್ಣೀರಿಗೂ ಆಗುವ ಪೈಪು ಎಂದರೆ ಈಗ ಮುಖ್ಯವಾಗಿ ಮೂರು ಹೆಸರು ಕೇಳಿಬರುತ್ತವೆ: ತಾಮ್ರ, ಸಿಪಿವಿಸಿ ಮತ್ತು ಪೆಕ್ಸ್. ತಾಮ್ರ ಹಳೆಯದು, ದುಬಾರಿ. ಕೆನೆಬಣ್ಣದ ಸಿಪಿವಿಸಿ ನಮ್ಮ ಬಹುತೇಕ ಹೊಸ ಮನೆಗಳಲ್ಲಿದೆ. ಪೆಕ್ಸ್ ಎಂಬುದು ಬಾಗಿಸಿದತ್ತ ಬಾಗುವ, ಸುರುಳಿಯಾಗಿ ಬರುವ ಪ್ಲಾಸ್ಟಿಕ್ ಪೈಪು. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿರುವ ಇದು ನಮ್ಮಲ್ಲಿ ಇನ್ನೂ ಹೊಸತು.

ಯಾವುದು ಒಳ್ಳೆಯದು ಎಂದು ತಿಳಿಯಲು ಬೆಂಗಳೂರಿನ ಒಂದು ಸಾಮಾನ್ಯ ಮನೆಯನ್ನೇ ತೆಗೆದುಕೊಳ್ಳೋಣ. 30×40 ಸೈಟು, ನೆಲಮಹಡಿ, ಅದರ ಮೇಲೊಂದು ಮಹಡಿ. ತಾರಸಿಯಲ್ಲಿ 200 ಲೀಟರಿನ ಸೋಲಾರ್, ಅದಕ್ಕಿಂತ ಎತ್ತರದಲ್ಲಿ ತಣ್ಣೀರಿನ ಟ್ಯಾಂಕು. ಸೋಲಾರ್‌ನಿಂದ ಹೊರಟ ಬಿಸಿನೀರಿನ ಪೈಪು ತಾರಸಿಯ ಮೇಲೆ ಆರು ಮೀಟರ್ ಓಡಿ, ಗೋಡೆಯೊಳಗೆ ಇಳಿದು ಎರಡು ಬಚ್ಚಲುಮನೆಗಳನ್ನು ಮುಟ್ಟುತ್ತದೆ.

ಇಲ್ಲಿ ಒತ್ತಡದ ಚಿಂತೆ ಕಡಿಮೆ. ಒತ್ತಡದ ಪಂಪು ಹಾಕಿಸದಿದ್ದರೆ ನೆಲಮಹಡಿಯ ನಲ್ಲಿಯಲ್ಲೂ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕಿಲೋ ಆಸುಪಾಸಿನಲ್ಲಿರುತ್ತದೆ, ಅಷ್ಟೆ. ನಿಜವಾದ ಪರೀಕ್ಷೆ ಶಾಖದ್ದು. ಏಪ್ರಿಲ್ ಬಿಸಿಲಿನಲ್ಲಿ ಮನೆಮಂದಿ ನಾಲ್ಕು ದಿನ ಊರಿಗೆ ಹೋದರೆಂದರೆ, ಯಾರೂ ಬಳಸದ ಸೋಲಾರ್ ನೀರು 80 ಡಿಗ್ರಿ ದಾಟಿ 90ರ ಹತ್ತಿರ ಹೋಗಬಲ್ಲದು. ಸಿಪಿವಿಸಿ ತಾಳುವ ಮಿತಿ ಸುಮಾರು 93 ಡಿಗ್ರಿ. ಅದರ ಬಲವೂ ಶಾಖಕ್ಕೆ ತಕ್ಕಂತೆ ಇಳಿಯುತ್ತದೆ: ತಣ್ಣೀರಿನಲ್ಲಿ 28 ಕಿಲೋ ಒತ್ತಡಕ್ಕೆ ಜಗ್ಗದ ದಪ್ಪ ಪೈಪು 82 ಡಿಗ್ರಿಯಲ್ಲಿ ಏಳು ಕಿಲೋಗೆ ಮಾತ್ರ ಯೋಗ್ಯ. ಮನೆಯ ಒತ್ತಡಕ್ಕೆ ಅದೂ ಧಾರಾಳವೇ. ಆದರೆ ಮೆತ್ತಗಾದ ಪೈಪಿಗೆ ಆಸರೆ ಸಾಲದಿದ್ದರೆ ಅದು ಜೋತುಬೀಳುತ್ತದೆ, ಭಾರವೆಲ್ಲ ಜಾಯಿಂಟಿನ ಮೇಲೆ ಬೀಳುತ್ತದೆ. ಆದ್ದರಿಂದ ಸೋಲಾರ್ ಬಾಯಿಂದ ಹೊರಟ ಮೊದಲ ಒಂದೆರಡು ಅಡಿ ಪೈಪು ಲೋಹದ್ದಾಗಿರಲಿ. ಬಚ್ಚಲಿನ ಗೀಸರಿಗೂ ಇದೇ ಮಾತು. ಅಲ್ಲಿಂದ ಮುಂದೆ ಸಿಪಿವಿಸಿ ಹಾಕಿ, ಸುಮಾರು ಮೂರು ಅಡಿಗೊಂದು ಕ್ಲಾಂಪು ಕೊಟ್ಟರೆ ಸಾಕು.

ಶಾಖದ ಇನ್ನೊಂದು ಕೆಲಸ ಪೈಪನ್ನು ಉದ್ದ ಮಾಡುವುದು. ಬೆಳಗ್ಗೆ 25 ಡಿಗ್ರಿಯಲ್ಲಿದ್ದ ಆ ಆರು ಮೀಟರ್ ಸಿಪಿವಿಸಿ ಪೈಪು, ಒಳಗೆ 75 ಡಿಗ್ರಿಯ ನೀರು ಹರಿದಾಗ ಸುಮಾರು 18 ಮಿಲಿಮೀಟರ್ ಬೆಳೆಯುತ್ತದೆ. ತಾಮ್ರವಾದರೆ ಐದು ಮಿಲಿಮೀಟರ್. ಪೆಕ್ಸ್ ಎಲ್ಲಕ್ಕಿಂತ ಹೆಚ್ಚು, 45 ಮಿಲಿಮೀಟರಿನಷ್ಟು ಬೆಳೆದರೂ, ಮೆತ್ತಗಿರುವುದರಿಂದ ತಾನೇ ಸ್ವಲ್ಪ ಡೊಂಕಾಗಿ ಸುಧಾರಿಸಿಕೊಳ್ಳುತ್ತದೆ. ಸಿಪಿವಿಸಿಗೆ ಆ ಗುಣವಿಲ್ಲ. ಎರಡು ತುದಿಯನ್ನೂ ಸಿಮೆಂಟಿನಲ್ಲಿ ಬಿಗಿದರೆ ನಡುವಿನ ಎಲ್ಬೋ ದಿನವೂ ಎಳೆತ ತಿಂದು ಒಂದು ದಿನ ಬಿರುಕು ಬಿಡುತ್ತದೆ. ತಾರಸಿಯ ಓಟದಲ್ಲಿ ಎಲ್ಬೋಗಳಿಂದ ಒಂದು ‘ಯು’ ಆಕಾರದ ತಿರುವು ಕೊಡುವುದು, ಕ್ಲಾಂಪನ್ನು ಪೈಪು ಜಾರುವಷ್ಟು ಸಡಿಲ ಬಿಡುವುದು ಇದಕ್ಕೆ ಮದ್ದು. ಬಿಸಿಲಿಗೂ ಇದು ನಾಜೂಕು. ಪೈಪಿಗೆ ಇನ್ಸುಲೇಷನ್ ಸುತ್ತಬೇಕು, ಇಲ್ಲವೇ ನೀರಿನಲ್ಲಿ ಕಲಸುವ ತಿಳಿಬಣ್ಣದ ಪೇಂಟ್ ಬಳಿಯಬೇಕು. ಆಯಿಲ್ ಪೇಂಟ್ ಬೇಡ.

ಸಿಪಿವಿಸಿ ಸೋರುವ ಮನೆಗಳಲ್ಲಿ ತಪ್ಪು ಹೆಚ್ಚಾಗಿ ಪೈಪಿನದಲ್ಲ, ಜಾಯಿಂಟಿನದು. ಹ್ಯಾಕ್ಸಾ ಬ್ಲೇಡಿನಲ್ಲಿ ಓರೆಯಾಗಿ ಕೊಯ್ದು, ಅಂಚಿನ ಸಿಬಿರು ತೆಗೆಯದೆ, ಕೈಗೆ ಸಿಕ್ಕ ಪಿವಿಸಿ ಸಲ್ಯೂಷನ್ ಮೆತ್ತಿ ತುರುಕಿದ ಜಾಯಿಂಟು ತಣ್ಣೀರಿನಲ್ಲಿ ಹೇಗೋ ನಿಂತೀತು, ಬಿಸಿನೀರಿಗೆ ಬಿಟ್ಟುಕೊಡುತ್ತದೆ. ಸರಿಯಾದ ಕ್ರಮ ಕಷ್ಟದ್ದೇನಲ್ಲ. ಪೈಪನ್ನು ನೇರವಾಗಿ ಕೊಯ್ದು, ಅಂಚನ್ನು ಒಳಗೂ ಹೊರಗೂ ಉಜ್ಜಿ, ಧೂಳು ಒರೆಸಬೇಕು. ಸಿಪಿವಿಸಿಯದೇ ಸಲ್ಯೂಷನ್ ಹಚ್ಚಿ, ಫಿಟ್ಟಿಂಗಿನ ತಳ ಮುಟ್ಟುವವರೆಗೆ ತಳ್ಳಿ, ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಅದುಮಿ ಹಿಡಿಯಬೇಕು. ಜಾಯಿಂಟಿನ ಸುತ್ತ ಸಲ್ಯೂಷನ್ ಸಣ್ಣ ಉಂಗುರದಂತೆ ಉಬ್ಬಿ ನಿಂತಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ಉಂಗುರದ ನಡುವೆ ಬಿಡುವು ಕಂಡರೆ ಅಲ್ಲಿ ಸಲ್ಯೂಷನ್ ಸಾಲದಾಗಿದೆ.

ತಾಮ್ರಕ್ಕೆ ಶಾಖದ ಭಯವೂ ಇಲ್ಲ, ಬಿಸಿಲಿನ ಭಯವೂ ಇಲ್ಲ. ಅದರ ಹಗೆ ನೀರಿನಲ್ಲೇ ಇದೆ. ಕೋಲಾರದ ಬೋರ್‌ವೆಲ್ಲಿನ ಗಡಸು ನೀರು ಪೈಪಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿನೀರು ಮೆದು, ಹಲವೆಡೆ ಆಮ್ಲೀಯ. ಪಿಎಚ್ 6.5ಕ್ಕಿಂತ ಕೆಳಗಿರುವ ಇಂಥ ನೀರು ತಾಮ್ರವನ್ನು ನಿಧಾನವಾಗಿ ಕರಗಿಸುತ್ತದೆ. ವಾಶ್ ಬೇಸಿನ್ನಿನಲ್ಲಿ ನೀಲಿ-ಹಸಿರು ಕಲೆ ಬೀಳುವುದು, ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರು ಬೆಳಗ್ಗೆ ಒಗರಾಗಿರುವುದು ಇದರ ಗುರುತು. ಹಾಗಾಗಿ ತಾಮ್ರಕ್ಕೆ ಮನಸೋತವರು ಮೊದಲು ನೀರಿನ ಪಿಎಚ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಬೆಲೆ ಸಿಪಿವಿಸಿಗಿಂತ ಹಲವು ಪಟ್ಟು. ಅದನ್ನು ಬೆಸೆಯುವ ಕೈಚಳಕ ನಮ್ಮೂರುಗಳಲ್ಲಿ ಪ್ಲಂಬರಿಗಿಂತ ಎಸಿ ಮೆಕ್ಯಾನಿಕ್ಕಿಗೇ ಹೆಚ್ಚು ರೂಢಿ.

ಪೆಕ್ಸ್‌ನ ದೊಡ್ಡ ಲಾಭ ಗೋಡೆಯೊಳಗೆ ಜಾಯಿಂಟೇ ಇಲ್ಲದಿರುವುದು. ಒಂದು ಕಡೆ ಮ್ಯಾನಿಫೋಲ್ಡ್ ಇಟ್ಟು, ಅಲ್ಲಿಂದ ಪ್ರತಿ ನಲ್ಲಿಗೂ ಬೇರೆ ಬೇರೆ ಅರ್ಧ ಇಂಚಿನ ಪೈಪನ್ನು ತುಂಡರಿಸದೆ ಎಳೆಯಬಹುದು. ಬಿಸಿನೀರು ಬೇಗ ಬರುವುದೂ ಇದರಿಂದಲೇ. ಮುಕ್ಕಾಲು ಇಂಚಿನ ಸಿಪಿವಿಸಿಯಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಲ್ಲುತ್ತದೆ, ಅಂದರೆ 12 ಮೀಟರಿಗೆ ಮೂರು ಲೀಟರ್ ತಣ್ಣಗಾದ ನೀರನ್ನು ಚೆಲ್ಲಿದ ಮೇಲೆ ಬಿಸಿನೀರು. ಅರ್ಧ ಇಂಚಿನ ಪೆಕ್ಸ್‌ನಲ್ಲಿ ಅದು ಒಂದೂವರೆ ಲೀಟರ್.

ಆದರೆ ಇದೇ ಸಪೂರ ಪೈಪು ನಮ್ಮ ಮನೆಗಳಲ್ಲಿ ತೊಡಕೂ ಆಗುತ್ತದೆ. ಪೆಕ್ಸ್ ಫಿಟ್ಟಿಂಗು ಸಾಮಾನ್ಯವಾಗಿ ಪೈಪಿನ ಒಳಗೆ ಕೂರುವಂಥದ್ದು, ಅಲ್ಲಿ ದಾರಿ ಇನ್ನಷ್ಟು ಕಿರಿದು. ಟ್ಯಾಂಕಿಗಿಂತ ಎರಡು-ಮೂರು ಮೀಟರ್ ಮಾತ್ರ ಕೆಳಗಿರುವ ಮೇಲ್ಮಹಡಿಯ ಷವರಿಗೆ, ಪಂಪಿಲ್ಲದಿದ್ದರೆ, ನೀರು ತೊಟ್ಟಿಕ್ಕುವುದೊಂದೇ ಬಾಕಿ. ಬಿಸಿಲು ಇದಕ್ಕೆ ಆಗಿಬರುವುದಿಲ್ಲವಾದ್ದರಿಂದ ತಾರಸಿಯಲ್ಲಿ ಓಡಿಸುವಂತಿಲ್ಲ. ಇಲಿ ಕಡಿಯುವ ಭಯವೂ ಇದೆ. ಸಲ್ಯೂಷನ್ ಹಚ್ಚಿ ಅಂಟಿಸಲು ಬಾರದು. ಅದರದೇ ಉಂಗುರ, ಅದರದೇ ಇಕ್ಕಳ ಬೇಕು. ಹಾಕಿದವರನ್ನು ಬಿಟ್ಟು ಬೇರೆ ಪ್ಲಂಬರ್ ರಿಪೇರಿಗೆ ಸಿಗುವುದು ಸಣ್ಣ ಊರುಗಳಲ್ಲಿ ಕಷ್ಟ.

ಇಷ್ಟೆಲ್ಲ ತೂಗಿ ನೋಡಿದರೆ, ನಾವು ತೆಗೆದುಕೊಂಡ ಮನೆಗೆ ಒಪ್ಪುವುದು ಸಿಪಿವಿಸಿಯೇ, ಸೋಲಾರ್ ಮತ್ತು ಗೀಸರ್ ಬಾಯಲ್ಲಿ ಲೋಹದ ತುಂಡಿನೊಂದಿಗೆ. ಪಂಪಿನ ಒತ್ತಡವಿದ್ದು, ಪಳಗಿದ ಕೆಲಸಗಾರರೂ ಸಿಕ್ಕರೆ ಒಳಗೋಡೆಗೆ ಪೆಕ್ಸ್ ಹಾಕಬಹುದು. ಇಡೀ ಮನೆಗೆ ತಾಮ್ರ ಹಾಕಿಸುವ ಅಗತ್ಯ ಕಡಿಮೆ. ಅಂಗಡಿಯಲ್ಲಿ ಬಿಸಿನೀರಿಗೆಂದು ಕೊಳ್ಳುವಾಗ ಪೈಪಿನ ಮೇಲೆ ಐಎಸ್ 15778 ಮತ್ತು ಎಸ್‌ಡಿಆರ್ 11 ಎಂಬ ಮುದ್ರೆ ನೋಡಿ. ಎಸ್‌ಡಿಆರ್ 13.5 ಎಂದಿದ್ದರೆ ಅದರ ಗೋಡೆ ತೆಳು. ಕೊನೆಗೆ, ಗಾರೆಯವರು ಪೈಪು ಮುಚ್ಚುವ ಮುನ್ನ ಕೈಪಂಪಿನಿಂದ ನೀರಿನ ಒತ್ತಡ ಕೊಟ್ಟು, ಮೀಟರಿನ ಮುಳ್ಳು ಇಳಿಯುವುದಿಲ್ಲವೆಂದು ಎದುರಿಗೇ ನಿಂತು ಖಾತ್ರಿ ಮಾಡಿಕೊಳ್ಳಿ.