ಮಂಡಿಯ ಹಬ್ಬದ ಶುಭಾಶಯವನ್ನು ಎಲ್ಲರಿಗೂ ಒಪ್ಪುವಂತೆ ಬರೆಯುವುದು ಹೇಗೆ?

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು, ಹಮಾಲರು, ಲಾರಿ ಚಾಲಕರು ಹಲವು ಧರ್ಮದವರಿರಬಹುದು. 2024ರಲ್ಲಿ ಗಣೇಶ ಚತುರ್ಥಿ ಸೆಪ್ಟೆಂಬರ್ 7ಕ್ಕೆ, ಈದ್ ಮಿಲಾದ್ 16ಕ್ಕೆ ಬಂದವು. ಇಂಥ ವರ್ಷ ಒಂದೇ ಸೂಚನೆಯಲ್ಲಿ ಎರಡಕ್ಕೂ ಶುಭ ಕೋರಬಹುದು.

‘ನಮ್ಮ ಹಬ್ಬ ಬಂತು, ಎಲ್ಲರೂ ವಿಘ್ನೇಶ್ವರನ ಕೃಪೆಗೆ ಪಾತ್ರರಾಗಿ’ ಎಂದು ಬರೆದರೆ ಅದು ಎಲ್ಲರನ್ನೂ ಒಂದೇ ನಂಬಿಕೆಯವರೆಂದು ಎಣಿಸುತ್ತದೆ. ಇದಕ್ಕೆ ಹೆದರಿ ಹಬ್ಬದ ಹೆಸರನ್ನೇ ಬಿಟ್ಟು ‘ಹಬ್ಬಗಳ ಶುಭಾಶಯ’ ಎಂದಷ್ಟೇ ಬರೆದರೆ ಯಾರಿಗೂ ತಮ್ಮ ಹಬ್ಬ ನೆನಪಾಯಿತೆನಿಸದು. ಹೆಸರು ಹೇಳಿ, ಆಚರಣೆಯನ್ನು ಆಚರಿಸುವವರಿಗೆ ಬಿಡುವುದೇ ಸರಿ:

‘ಗೌರಿ-ಗಣೇಶ ಹಬ್ಬ ಆಚರಿಸುವವರಿಗೂ ಈದ್ ಮಿಲಾದ್ ಆಚರಿಸುವವರಿಗೂ ಹಾರ್ದಿಕ ಶುಭಾಶಯಗಳು. ನಮ್ಮೊಡನೆ ದುಡಿಯುವ ಎಲ್ಲರ ಮನೆಯಲ್ಲೂ ನೆಮ್ಮದಿ ಇರಲಿ. ಹಬ್ಬಕ್ಕೆ ರಜೆ ಬೇಕಾದವರು ಮೊದಲೇ ತಿಳಿಸಿ.’

ಕೊನೆಯ ಸಾಲು ಮುಖ್ಯ. ಒಬ್ಬರಿಗೆ ರಜೆ, ಇನ್ನೊಬ್ಬರಿಗೆ ಬರೀ ಮಾತು ಎಂದಾದರೆ ಶುಭಾಶಯ ಪೊಳ್ಳಾಗುತ್ತದೆ. ಮೇಲೆ ಒಂದೇ ದೇವರ ಚಿತ್ರ ಹಾಕಿದರೂ ಒಕ್ಕಣೆಯ ಸಮತೋಲ ಕೆಡುತ್ತದೆ; ತೆಂಗಿನ ಗರಿಯ ಚಿತ್ರ ಸಾಕು.

ಇದೇ ಮಾದರಿ ಪ್ರತಿವರ್ಷ ನಡೆಯದು. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ಮಿಲಾದ್ ಹಿಂದೆ ಸರಿಯುತ್ತ ಗಣೇಶನ ಹಬ್ಬದಿಂದ ದೂರವಾಗುತ್ತದೆ. ಮೊಹರಂನ ಹತ್ತನೆಯ ದಿನ ಹಲವರಿಗೆ ಶೋಕದ ನೆನಪು, ಶುಭ ಶುಕ್ರವಾರ ಕ್ರಿಸ್ತನ ಮರಣದ ಸ್ಮರಣೆ. ಆ ದಿನಗಳಿಗೆ ‘ಶುಭಾಶಯ’ ಸಲ್ಲದು. ‘ಗೌರವದಿಂದ ಸ್ಮರಿಸುತ್ತೇವೆ’ ಎಂದು ಬರೆಯಬೇಕು.