ಹಿಂದಿರುಗುವ ವಿಳಾಸ

ಇಂಟೆಲ್ 1980ರಲ್ಲಿ ಹೊರತಂದ 8051 ಮೈಕ್ರೊಕಂಟ್ರೋಲರ್‌ನಲ್ಲಿ ಮುಂದಿನ ಆದೇಶದ ವಿಳಾಸವನ್ನು ಹಿಡಿದಿಟ್ಟುಕೊಳ್ಳುವುದು ಪ್ರೋಗ್ರಾಂ ಕೌಂಟರ್. ಅದರಲ್ಲಿ ಈಗ 0120H ಇದೆ ಎನ್ನಿ. ಅಷ್ಟರಲ್ಲಿ ಟೈಮರ್ 0 ತುಂಬಿ ಇಂಟರಪ್ಟ್ ಕೇಳುತ್ತದೆ. ಚಿಪ್ ಕೈಯಲ್ಲಿರುವ ಆದೇಶವನ್ನು ಅರ್ಧಕ್ಕೆ ಬಿಡುವುದಿಲ್ಲ; ಮುಗಿಸಿ, 20H ಮತ್ತು 01H ಎಂಬ ಎರಡು ಬೈಟ್‌ಗಳನ್ನು ಸ್ಟ್ಯಾಕ್‌ನಲ್ಲಿಟ್ಟು, ಕೌಂಟರ್‌ಗೆ 000BH ತುಂಬುತ್ತದೆ. ಇದೇ ಟೈಮರ್ 0ರ ವೆಕ್ಟರ್ ವಿಳಾಸ. ಚಿಪ್ ತಯಾರಾದಾಗಲೇ ನಿಗದಿಯಾದದ್ದು, ನಾವು ಬದಲಿಸುವಂತಿಲ್ಲ. ಮುಂದಿನ ವೆಕ್ಟರ್ 0013Hನಲ್ಲಿರುವುದರಿಂದ ಸಿಗುವುದು ಎಂಟೇ ಬೈಟ್ ಜಾಗ. ಹಾಗಾಗಿ ಅಲ್ಲಿ ಸಾಮಾನ್ಯವಾಗಿ ಒಂದು ಜಿಗಿತದ ಆದೇಶ ಮಾತ್ರ ಇರುತ್ತದೆ. ನಿಜವಾದ ಕೆಲಸ ಬೇರೆಡೆ.

ಈ ನಡುವೆ ಸೀರಿಯಲ್ ಪೋರ್ಟ್‌ಗೆ ಅಕ್ಷರ ಬಂದರೆ? IP ರಿಜಿಸ್ಟರ್‌ನಲ್ಲಿ ಅದಕ್ಕೆ ಮೇಲಿನ ಆದ್ಯತೆ ಕೊಟ್ಟಿದ್ದರೆ ಟೈಮರ್‌ನ ಸೇವೆಯನ್ನೂ ತಡೆದು ಒಳನುಗ್ಗುತ್ತದೆ, ಸ್ಟ್ಯಾಕ್‌ನಲ್ಲಿ ಇನ್ನೊಂದು ವಿಳಾಸ ಏರುತ್ತದೆ. ಎರಡೂ ಒಂದೇ ಮಟ್ಟದವಾದರೆ ಕಾಯಲೇಬೇಕು.

ಕೆಲಸ ಮುಗಿದಾಗ `RETI` ಆದೇಶ ಸ್ಟ್ಯಾಕ್‌ನಿಂದ 0120H ಅನ್ನು ಕೌಂಟರ್‌ಗೆ ಮರಳಿಸುತ್ತದೆ; ಜತೆಗೆ ಸೇವೆ ಮುಗಿಯಿತೆಂದು ಚಿಪ್‌ಗೆ ತಿಳಿಸುತ್ತದೆ. ಲ್ಯಾಬಿನಲ್ಲಿ ಹುಡುಗರು ಎಡವುವುದು ಇಲ್ಲೇ. ಬರಿಯ `RET` ಬರೆದರೂ ವಿಳಾಸ ಸರಿಯಾಗಿಯೇ ಮರಳುತ್ತದೆ, ಮುಖ್ಯ ಪ್ರೋಗ್ರಾಂ ಓಡುತ್ತಲೇ ಇರುತ್ತದೆ. ಆದರೆ ಟೈಮರ್ ಮಿನುಗಿಸಬೇಕಿದ್ದ ಎಲ್‌ಇಡಿ ಒಮ್ಮೆ ಬದಲಾಗಿ ಹಾಗೇ ನಿಂತುಬಿಡುತ್ತದೆ: ಹಳೆಯ ಸೇವೆ ಇನ್ನೂ ನಡೆಯುತ್ತಿದೆ ಎಂದೇ ಚಿಪ್‌ನ ಲೆಕ್ಕ.