ಗೃಹಜ್ಯೋತಿಯ ಹತ್ತು ಯೂನಿಟ್ ಮತ್ತು ಆಫ್ ಆಗದ ಟಿವಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನಾವೆಲ್ಲ ಹೆಸ್ಕಾಂ ಗ್ರಾಹಕರು. ಗೃಹಜ್ಯೋತಿ ಅಂದ್ರೆ 200 ಯೂನಿಟ್ ಉಚಿತ ಅಂತ ಸುಮಾರು ಜನ ತಿಳಿದಿದ್ದಾರೆ. ಆದರೆ ಪ್ರತಿ ಮನೆಯ ಉಚಿತ ಮಿತಿ ನಿಂತಿರೋದು 2022-23ರ ಅದರ ಸರಾಸರಿ ಬಳಕೆಯ ಮೇಲೆ. ಅದಕ್ಕೆ ಶೇ 10 ಸೇರಿಸುತ್ತಾರೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇಕಡಾವಾರು ಬದಲು 10 ಯೂನಿಟ್ ಹೆಚ್ಚುವರಿ ಕೊಡಲು ಸರ್ಕಾರ 2024ರ ಜನವರಿಯಲ್ಲಿ ತೀರ್ಮಾನಿಸಿತು. ಮಿತಿ ದಾಟಿದರೂ ಒಟ್ಟು ಬಳಕೆ 200 ಯೂನಿಟ್ ಒಳಗಿದ್ದರೆ ದಾಟಿದಷ್ಟಕ್ಕೆ ಬಿಲ್ಲು.

40 ಯೂನಿಟ್ ಸರಾಸರಿಯ ಮನೆಯೊಂದನ್ನು ತಗೊಳ್ಳಿ. ಮಿತಿ 50. ಮನೆಗೆ ಹೊಸ ಸ್ಮಾರ್ಟ್ ಟಿವಿ ಬಂತು. ರಿಮೋಟ್ ಒತ್ತಿದ ಕೂಡಲೇ ಚಿತ್ರ ಬರಲಿ ಅಂತ ಕ್ವಿಕ್ ಸ್ಟಾರ್ಟ್ ಆನ್ ಇದೆ. ಆಗ ಟಿವಿ ಪರದೆಯನ್ನಷ್ಟೇ ಆರಿಸುತ್ತದೆ. ಒಳಗಿನ ಮೆಮೊರಿ, ವೈಫೈ ಎಚ್ಚರವಾಗೇ ಇರುತ್ತವೆ. ಇದಕ್ಕೆ ಎಷ್ಟು ವಿದ್ಯುತ್ ಅನ್ನೋದು ಮಾದರಿಯ ಮೇಲೆ ನಿಂತಿದೆ. 15 ವ್ಯಾಟ್ ಅಂದುಕೊಂಡರೆ, ದಿನಕ್ಕೆ 20 ಗಂಟೆಯಂತೆ ತಿಂಗಳಿಗೆ 9 ಯೂನಿಟ್. ಸರ್ಕಾರ ಕೊಟ್ಟ ಆ ಹತ್ತರಲ್ಲಿ ಒಂಬತ್ತನ್ನು ಯಾರೂ ನೋಡದ ಟಿವಿ ನುಂಗಿತು! ಸಾಮಾನ್ಯ ಸ್ಟ್ಯಾಂಡ್‌ಬೈ ಅರ್ಧ ವ್ಯಾಟ್ ಇದ್ದರೆ ತಿಂಗಳಿಗೆ ಯೂನಿಟ್‌ನ ಮೂರನೇ ಒಂದು ಭಾಗವೂ ಆಗಲ್ಲ.

ನಿಮ್ಮ ಟಿವಿ ಯಾವ ಬಗೆಯದು ಅಂತ ಮೀಟರೇ ಹೇಳುತ್ತದೆ. ಟಿವಿಯನ್ನು ರಿಮೋಟ್‌ನಿಂದ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಫ್ರಿಜ್, ಇನ್ವರ್ಟರ್, ಸೆಟ್‌ಟಾಪ್ ಬಾಕ್ಸ್ ಸೇರಿ ಉಳಿದದ್ದೆಲ್ಲ ಬಂದ್ ಮಾಡಿ. ಮೀಟರ್ ಮೇಲೆ 3200 imp/kWh ಅಂತ ಬರೆದಿದ್ದರೆ, ಅದರ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್. 15 ವ್ಯಾಟ್ ಎಳೆಯುತ್ತಿದ್ದರೆ ದೀಪ ಸುಮಾರು 75 ಸೆಕೆಂಡಿಗೊಮ್ಮೆ ಮಿನುಗುತ್ತದೆ. ಅರ್ಧ ವ್ಯಾಟ್ ಆದರೆ ಅರ್ಧ ಗಂಟೆ ಕಾದರೂ ಮಿನುಗದು. ಅಷ್ಟು ಸಣ್ಣ ಬಳಕೆಯನ್ನು ಮೀಟರ್ ಲೆಕ್ಕಕ್ಕೇ ತಗೊಳ್ಳದೆಯೂ ಇರಬಹುದು.

ಬೇಗ ಮಿನುಗಿದರೆ ಸೆಟ್ಟಿಂಗ್ಸ್‌ಗೆ ಹೋಗಿ. ಎಲ್‌ಜಿಯಲ್ಲಿ ಇದರ ಹೆಸರು Quick Start+, ಸ್ಯಾಮ್‌ಸಂಗ್‌ನ ಕೆಲವು ಟಿವಿಗಳಲ್ಲಿ Samsung Instant On. ಆಫ್ ಮಾಡಿ, ಮತ್ತೆ ಎಣಿಸಿ. ಇದಕ್ಕೆ ಬೆಲೆ ಏನು? ಟಿವಿ ಶುರುವಾಗಲು ಒಂದಷ್ಟು ಸೆಕೆಂಡ್ ಹೆಚ್ಚು ಬೇಕು, ಮೊಬೈಲ್‌ನಿಂದ ಆನ್ ಮಾಡೋ ಸೌಲಭ್ಯ ಹೋಗಬಹುದು. ಆದರೆ ಒಮ್ಮೆ ಕರೆಂಟ್ ಹೋಗಿ ಬಂದರೆ ಮೆಮೊರಿ ಹೇಗೂ ಖಾಲಿ, ಟಿವಿ ಮೊದಲಿಂದಲೇ ಏಳಬೇಕು. ದಿನಾ ಕರೆಂಟ್ ಹೋಗೋ ಊರಲ್ಲಿ ಕ್ವಿಕ್ ಸ್ಟಾರ್ಟ್‌ನ ಲಾಭ ಅಷ್ಟಕ್ಕಷ್ಟೇ.

ಎರಡನೇ ಉಳಿತಾಯ ಟಿವಿ ನೋಡುವಾಗಿನದು. ಎನರ್ಜಿ ಸೇವಿಂಗ್ ಅನ್ನೋ ಆಯ್ಕೆ ಮುಖ್ಯವಾಗಿ ಪರದೆಯ ಬೆಳಕು ತಗ್ಗಿಸುತ್ತದೆ. ಅದರಿಂದ 20 ವ್ಯಾಟ್ ಇಳಿದರೆ, ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 2.4 ಯೂನಿಟ್. ಗರಿಷ್ಠಕ್ಕೆ ಇಟ್ಟರೆ ಹಗಲಲ್ಲಿ ಚಿತ್ರ ಮಂಕು, ಮಧ್ಯಮ ಸಾಕು.

ಗೋಡೆಯ ಸ್ವಿಚ್ ಆರಿಸಿದರೆ ಬಳಕೆ ಪೂರ್ತಿ ಸೊನ್ನೆ. ಓಎಲ್‌ಇಡಿ ಟಿವಿಗೆ ಮಾತ್ರ ಹಾಗೆ ಮಾಡಬೇಡಿ, ಅದು ಸ್ಟ್ಯಾಂಡ್‌ಬೈನಲ್ಲಿದ್ದಾಗಲೇ ತನ್ನ ಪರದೆಯನ್ನು ಸರಿಪಡಿಸಿಕೊಳ್ಳುತ್ತದೆ. ಮಿತಿಯ ಅಂಚಿನಲ್ಲಿರುವ ಮನೆಗೆ ಮೊದಲು ಬೇಕಿರೋದು ಕ್ವಿಕ್ ಸ್ಟಾರ್ಟ್ ಆಫ್. ಉಳಿದದ್ದು ಆಮೇಲೆ.